ರಜೆಯಿಂದ ವಾಸಿಯಾಗದ ಭಯ

ಕಾಸರಗೋಡಿನ ಶಾಲೆಗಳಲ್ಲಿ ಮಕ್ಕಳ ಸಂಕಟ ಕೇಳಿ ಕೇಳಿ ತಾವೇ ಕುಗ್ಗಿದ ಆಪ್ತಸಮಾಲೋಚಕಿಯರು ಸೂಪರ್‌ವಿಷನ್‌ಗೆ, ಅಂದರೆ ತಮ್ಮ ಕೆಲಸದ ಬಗ್ಗೆ ಅನುಭವಿಯೊಬ್ಬರೊಡನೆ ಮಾತಾಡಲು, ನನ್ನಲ್ಲಿಗೆ ಬಂದಾಗ, “ಟೀಚರೇ, ಒಂದು ವಾರ ರಜೆ ಹಾಕಿದರೆ ಸರಿಹೋಗುವುದಿಲ್ಲವೇ?” ಎಂದು ಕೇಳುತ್ತಾರೆ. ಅವರನ್ನು ಕಳುಹಿಸುವ ಅಧಿಕಾರಿಗಳ ನಂಬಿಕೆಯೂ ಅದೇ, ಮತ್ತು ಅದನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ. ಇತರರ ಸಂಕಟಕ್ಕೆ ಮಿಡಿದು ಮಿಡಿದು ಮನಸ್ಸು ಬತ್ತುವ ಅನುಕಂಪದ ದಣಿವಿಗೆ ವಿಶ್ರಾಂತಿ ಸ್ವಲ್ಪಮಟ್ಟಿಗೆ ಮದ್ದಾಗುತ್ತದೆ. ಆದರೆ 1990ರಲ್ಲಿ ಮನೋವಿಜ್ಞಾನಿಗಳಾದ ಮೆಕ್‌ಕ್ಯಾನ್ ಮತ್ತು ಪರ್ಲ್‌ಮನ್ ವಿವರಿಸಿದ, ಇತರರ ಆಘಾತವನ್ನು ಕೇಳುವವರಿಗೆ ಆಗುವ ಪರೋಕ್ಷ ಆಘಾತದಲ್ಲಿ ಬದಲಾಗುವುದು ಸುರಕ್ಷತೆ, ನಂಬಿಕೆ, ಆತ್ಮೀಯತೆಗಳ ಕುರಿತು ಕೇಳುಗರೇ ಇಟ್ಟುಕೊಂಡಿದ್ದ ತಿಳಿವಳಿಕೆ. ಅದು ರಜೆಯಲ್ಲಿ ಹಿಂದಿರುಗುವುದಿಲ್ಲ.

ಕುಂಬಳೆ ಕಡೆಯ ಒಬ್ಬರ ವಿಷಯವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಹೇಳುತ್ತೇನೆ. ಸಂಬಂಧಿಕನಿಂದಲೇ ದೌರ್ಜನ್ಯಕ್ಕೊಳಗಾದ ಬಾಲಕಿಯ ಪೋಕ್ಸೊ ಪ್ರಕರಣವನ್ನು ಅವರು ನೋಡುತ್ತಿದ್ದರು. ಅದೇ ಊರಿನವರಾದ್ದರಿಂದ ಆರೋಪಿಯ ಮನೆಯವರು ಬಸ್‌ಸ್ಟ್ಯಾಂಡಿನಲ್ಲಿ ನಿತ್ಯ ಎದುರಾಗುತ್ತಿದ್ದರು. ಹತ್ತು ದಿನ ರಜೆ ಹಾಕಿ ಬಂದ ಮೇಲೆ ಅವರ ಸ್ಥಿತಿ ಹದಗೆಟ್ಟಿತ್ತು. ನಾನು ಬಾಲಕಿಯ ಬಗ್ಗೆ ಕೇಳದೆ, “ಈ ಕೇಸು ಬಂದ ಮೇಲೆ ಮನೆಯಲ್ಲಿ ಹೊಸದಾಗಿ ಏನು ಶುರು ಮಾಡಿದ್ದೀರಿ, ಏನು ಬಿಟ್ಟಿದ್ದೀರಿ?” ಎಂದು ಕೇಳಿದೆ. ಬದಲಾದ ನಂಬಿಕೆಯನ್ನು ಯಾರೂ ಸುಲಭವಾಗಿ ಗುರುತಿಸಿಕೊಳ್ಳುವುದಿಲ್ಲ, ಬದಲಾದ ನಡವಳಿಕೆಯನ್ನು ಮಾತ್ರ ಹೇಳಬಲ್ಲರು. ತುಸು ಹೊತ್ತಿನ ಬಳಿಕ ಅವರು, ಮಗಳು ಅಜ್ಜನ ಮಡಿಲಲ್ಲಿ ಕೂತರೆ ಏನಾದರೊಂದು ನೆವ ತೆಗೆದು ಎಬ್ಬಿಸುತ್ತೇನೆ ಎಂದರು. ರಜೆಯ ಹತ್ತು ದಿನವೂ ಮನೆಯಲ್ಲಿದ್ದು ಮಾವನವರ ಮೇಲೆಯೇ ಕಣ್ಣಿಟ್ಟಿದ್ದರು.

“ಹೆದರಬೇಡಿ” ಎನ್ನುವುದು ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಮನೆಯೊಳಗೇ ದೌರ್ಜನ್ಯ ನಡೆಯುವುದನ್ನು ಅವರು ಈ ಪ್ರಕರಣದಿಂದಲೇ ಬಲ್ಲರು. ಬಾಲಕಿಯ ಮಾತಿನಲ್ಲಿ ಯಾವುದು ಮತ್ತೆ ಮತ್ತೆ ನೆನಪಾಗುತ್ತದೆಂದು ಕೇಳಿದೆ; ಹಿತ್ತಿಲ ಬಾಗಿಲಿನ ಚಿಲಕದ ಸದ್ದು ಎಂದರು. ಬಾಲಕಿಯ ಮನೆಯ ಬಗ್ಗೆ ಕೇಳಿದ್ದೇನು, ತಮ್ಮ ಮನೆಯಲ್ಲಿ ಕಂಡದ್ದೇನು ಎಂಬುದನ್ನು ಬೇರೆ ಬೇರೆಯಾಗಿ ಹೇಳಿಸುತ್ತಾ ಹೋದೆವು. ಇದಕ್ಕೆ ಹಲವು ಭೇಟಿಗಳು ಬೇಕಾದವು.

ಇಂಥ ಮಾತು ಹೊರಬರಬೇಕಾದರೆ, ಕೆಲಸದ ವರದಿ ಬರೆಯುವ ಅಧಿಕಾರಿಯೇ ಸೂಪರ್‌ವೈಸರ್ ಆಗಿರಬಾರದು. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ತೊಂದರೆ ಇರಲಿ ಇಲ್ಲದಿರಲಿ, ಮೀಸಲಿರಬೇಕು. ಕುಸಿದವರು ಮಾತ್ರ ಬರುವುದಾದರೆ ಬರುವುದೇ ಅವಮಾನವಾಗುತ್ತದೆ. ಸಹೋದ್ಯೋಗಿಗಳೊಡನೆ ಹಂಚಿಕೊಳ್ಳುವಾಗಲೂ “ಈಗ ಹೇಳಬಹುದೇ?” ಎಂದು ಕೇಳಿ, ದೌರ್ಜನ್ಯದ ವಿವರಗಳನ್ನು ಬಿಟ್ಟು, ತಮಗಾದದ್ದನ್ನಷ್ಟೇ ಹೇಳುವುದು ಲೇಸು; ಇಲ್ಲವಾದರೆ ಚಿಲಕದ ಸದ್ದು ಇನ್ನೊಬ್ಬರ ತಲೆಗೂ ಹೊಕ್ಕುತ್ತದೆ.

ಸೂಪರ್‌ವಿಷನ್‌ಗೂ ಮಿತಿಯುಂಟು. ವೃತ್ತಿಯ ಭಾಗವಾಗಿ ಆಘಾತದ ವಿವರಗಳಿಗೆ ಪದೇ ಪದೇ ಒಡ್ಡಿಕೊಳ್ಳುವುದರಿಂದಲೂ ಆಘಾತದ ನಂತರ ಉಳಿಯುವ ಮನೋರೋಗವಾದ ಪಿಟಿಎಸ್‌ಡಿ ಬರಬಹುದೆಂದು, ಮನೋರೋಗಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಅಮೆರಿಕದ ಕೈಪಿಡಿ ಡಿಎಸ್‌ಎಮ್-5 ಒಪ್ಪಿದೆ. ದುಃಸ್ವಪ್ನ, ಬೆಚ್ಚಿಬೀಳುವುದು, ಪ್ರಕರಣ ನೆನಪಿಸುವ ಜಾಗಗಳನ್ನು ತಪ್ಪಿಸುವುದು ತಿಂಗಳು ಮೀರಿ ಮುಂದುವರಿದು ಕೆಲಸ ಕೆಡಿಸುತ್ತಿದ್ದರೆ, ನಾನು ಅವರನ್ನು ಮನೋವೈದ್ಯರಲ್ಲಿಗೆ ಕಳುಹಿಸಿ, ಅವರ ಕೈಲಿರುವ ಪೋಕ್ಸೊ ಪ್ರಕರಣಗಳನ್ನು ಬೇರೊಬ್ಬರಿಗೆ ವಹಿಸಲು ಅವರ ಒಪ್ಪಿಗೆ ಕೇಳುತ್ತೇನೆ.