ವಾಯ್ಸ್ ಪ್ರೊಸೆಸ್ ರೆಸ್ಯೂಮೆ: ಕಾಲ್ ಲೆಕ್ಕ, ಶಿಫ್ಟ್ ಲೆಕ್ಕ

ವಾಯ್ಸ್ ಪ್ರೊಸೆಸ್‌ಗೆ, ಅಂದ್ರೆ ಫೋನ್‌ನಲ್ಲಿ ಗ್ರಾಹಕರ ಜೊತೆ ಮಾತಾಡುವ ಕೆಲಸಕ್ಕೆ, ಜನರನ್ನು ಆರಿಸುವಾಗ ಮಾತು ಹೇಗಿದೆ ಅಂತ ರೆಸ್ಯೂಮೆ ನೋಡಿ ತಿಳಿಯುವುದಿಲ್ಲ, ಅದಕ್ಕೆ ಫೋನ್ ರೌಂಡ್ ಇದೆ. ರೆಸ್ಯೂಮೆಯಲ್ಲಿ ನಾವು ನೋಡಬೇಕಾದ್ದು ಎರಡು: ಈ ವ್ಯಕ್ತಿ ನಿಜವಾಗಿ ಕಾಲ್ ತೆಗೆದುಕೊಂಡಿದ್ದಾರಾ, ನಮ್ಮ ಶಿಫ್ಟ್‌ಗೆ ಬರೋಕೆ ಆಗುತ್ತಾ. "ಎಕ್ಸಲೆಂಟ್ ಕಮ್ಯುನಿಕೇಶನ್ ಸ್ಕಿಲ್ಸ್" ಅನ್ನುವ ಸಾಲು ಎಲ್ಲರೂ ಹಾಕುತ್ತಾರೆ. ಅದಕ್ಕೆ ಅಂಕ ಬೇಡ.

ಒಂದು ಮಾದರಿ ತೆಗೆದುಕೊಳ್ಳೋಣ. ಕೆಲಸ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಅಮೆರಿಕದ ಗ್ರಾಹಕರೇ ಮಾಡುವ ಇನ್‌ಬೌಂಡ್ ಕಾಲ್‌ಗಳು. ರೆಸ್ಯೂಮೆಯಲ್ಲಿ ಹೀಗಿದೆ: ಕಸ್ಟಮರ್ ಸಪೋರ್ಟ್‌ನಲ್ಲಿ 2 ವರ್ಷ, ದಿನಕ್ಕೆ 120 ಕಾಲ್, ಎಎಚ್‌ಟಿ 6 ನಿಮಿಷ, ಯಾವ ಶಿಫ್ಟ್ ಆದರೂ ಸರಿ. ವಿಳಾಸ ಕೆಂಗೇರಿ, ಸಂಜೆ ಕಾಲೇಜಿನಲ್ಲಿ ಬಿ.ಕಾಂ ಇನ್ನೂ ನಡೆಯುತ್ತಿದೆ.

ಮೊದಲು ಕಾಲ್ ಲೆಕ್ಕ. ಎಎಚ್‌ಟಿ ಅಂದ್ರೆ ಒಂದು ಕಾಲ್‌ಗೆ ಹಿಡಿಯುವ ಸರಾಸರಿ ಸಮಯ. ಮಾತು, ಹೋಲ್ಡ್, ಕಾಲ್ ಮುಗಿದ ಮೇಲೆ ನೋಟ್ಸ್ ಬರೆಯುವುದು, ಎಲ್ಲಾ ಸೇರಿ. 120 ಕಾಲ್‌ಗೆ 6 ನಿಮಿಷದಂತೆ 720 ನಿಮಿಷ, ಅಂದ್ರೆ 12 ಗಂಟೆ. ಒಂಬತ್ತು ಗಂಟೆಯ ಶಿಫ್ಟ್‌ನಲ್ಲಿ ಒಂದು ಗಂಟೆ ಬ್ರೇಕ್ ತೆಗೆದರೆ ಉಳಿಯುವುದು 480 ನಿಮಿಷ, ಉಸಿರು ಬಿಡದೆ ಕೂತರೂ 80 ಕಾಲ್. ಹಾಗಂತ ಸುಳ್ಳು ಅಂತ ಪಕ್ಕಕ್ಕೆ ಎಸೆಯಬೇಡಿ. ಗ್ರಾಹಕರಿಗೆ ತಾವೇ ಫೋನ್ ಮಾಡುವ ಔಟ್‌ಬೌಂಡ್ ಆಗಿದ್ದು, ಯಾರೂ ಎತ್ತದ ಡಯಲ್‌ಗಳನ್ನೂ ಎಣಿಸಿರಬಹುದು. ಅಥವಾ ಅದು ಚಾಟ್ ಪ್ರೊಸೆಸ್ ಇರಬಹುದು, ಅಲ್ಲಿ ಒಬ್ಬರೇ ಒಟ್ಟಿಗೆ ಎರಡು ಮೂರು ಚಾಟ್ ನೋಡುತ್ತಾರೆ. ಚಾಟ್ ಅನುಭವ ಒಳ್ಳೆಯದೇ, ಆದರೆ ಸಿಟ್ಟಾದ ಗ್ರಾಹಕರಿಗೆ ತಕ್ಷಣ ಬಾಯಲ್ಲಿ ಉತ್ತರ ಕೊಟ್ಟ ಅನುಭವ ಅದಲ್ಲ. ನನ್ನ ಪ್ರಕಾರ ಇಡೀ ರೆಸ್ಯೂಮೆಯಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ.

ಇನ್ನು ಶಿಫ್ಟ್. ನ್ಯೂಯಾರ್ಕ್‌ನ ಬೆಳಿಗ್ಗೆ 9 ಅಂದ್ರೆ ಬೇಸಿಗೆಯಲ್ಲಿ ನಮಗೆ ಸಂಜೆ 6:30. ಚಳಿಗಾಲದಲ್ಲಿ ಅಲ್ಲಿ ಗಡಿಯಾರ ಬದಲಿಸುತ್ತಾರೆ, ನಮ್ಮಲ್ಲಿ ಇಲ್ಲ, ಹಾಗಾಗಿ 7:30 ಆಗುತ್ತೆ. ಮನೆಗೆ ಹೊರಡುವುದು ಬೆಳಗಿನ ಜಾವ. ಸಂಜೆ ಕಾಲೇಜು ನೇರವಾಗಿ ಇದಕ್ಕೇ ಅಡ್ಡ ಬರುತ್ತೆ, "ಯಾವ ಶಿಫ್ಟ್ ಆದರೂ ಸರಿ" ಅಂತ ಬರೆದಿದ್ದರೂ ಸಹ. ಕೆಂಗೇರಿಯಿಂದ ವೈಟ್‌ಫೀಲ್ಡ್ ಅಂದ್ರೆ ಊರಿನ ಆ ತುದಿಯಿಂದ ಈ ತುದಿ, ಕಂಪನಿ ಕ್ಯಾಬ್ ಅಲ್ಲಿವರೆಗೆ ಹೋಗುತ್ತಾ ಅಂತ ಮೊದಲು ನಾವೇ ಟ್ರಾನ್ಸ್‌ಪೋರ್ಟ್‌ನವರನ್ನು ಕೇಳಬೇಕು. ರಾತ್ರಿ ಕೆಲಸಕ್ಕೆ ಮನೆಯಲ್ಲಿ ಒಪ್ಪುತ್ತಾರಾ ಅಂತ ಹುಡುಗಿಯರನ್ನು ಮಾತ್ರ ಕೇಳುವ ಅಭ್ಯಾಸ ಇದೆಯಲ್ಲ, ಅದು ತಪ್ಪು. ಹಿಂದೆ ಯಾವ ಲಾಗಿನ್ ಸಮಯದಲ್ಲಿ, ಎಷ್ಟು ತಿಂಗಳು ಕೆಲಸ ಮಾಡಿದ್ದೀರಿ ಅಂತ ಎಲ್ಲರನ್ನೂ ಕೇಳಿ.

ಈ ರೆಸ್ಯೂಮೆಯನ್ನು ನಾನಾದರೆ ಫೋನ್ ರೌಂಡ್‌ಗೆ ಕಳಿಸುತ್ತೇನೆ, ಮೂರು ಪ್ರಶ್ನೆ ಬರೆದುಕೊಟ್ಟು: ಆ 120ರಲ್ಲಿ ಮಾತಾಡಿದ ಕಾಲ್ ಎಷ್ಟು? ಕಾಲೇಜು ಎಷ್ಟು ಗಂಟೆಗೆ, ಯಾವಾಗ ಮುಗಿಯುತ್ತೆ? ರಾತ್ರಿ ಶಿಫ್ಟ್ ಮಾಡಿದ್ದೀರಾ? ಕಾಲೇಜು ಇನ್ನೂ ವರ್ಷ ಇದೆ ಅಂದ್ರೆ ನಮ್ಮ ದೇಶದ ಗ್ರಾಹಕರನ್ನೇ ನೋಡುವ ಹಗಲಿನ ಡೊಮೆಸ್ಟಿಕ್ ಪ್ರೊಸೆಸ್‌ಗೆ ನೋಡಬಹುದು.