ಮೂಲೆ ಹರಿಯುವ ಪಾಠ: ಗೆರೆ ಬೇಡ, ಚುಕ್ಕೆ ಕೊಡಿ

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ, ಅಂದರೆ ಒಂದು ಸರಳರೇಖೆಯಷ್ಟು, ಎಂದು ತೋರಿಸಲು ಅದರ ಮೂರು ಮೂಲೆಗಳನ್ನು ಹರಿದು ಪಕ್ಕಪಕ್ಕದಲ್ಲಿ ಜೋಡಿಸುವ ಚಟುವಟಿಕೆ ಗಣಿತ ಕಲಿಸುವವರಿಗೆಲ್ಲ ಗೊತ್ತು. ಆದರೆ ಬಹಳಷ್ಟು ತರಗತಿಗಳಲ್ಲಿ ಮೊದಲು ಪುಸ್ತಕದಲ್ಲಿ ಒಂದು ಸರಳರೇಖೆ ಎಳೆಸಿ, ಅದರ ಮೇಲೆ ಮೂರು ತುಂಡುಗಳನ್ನು ಕೂರಿಸಿ ಅನ್ನುತ್ತಾರೆ. ಆ ಗೆರೆಯೇ ಉತ್ತರ. ಅದನ್ನು ಎಳೆದುಕೊಟ್ಟ ಮೇಲೆ ಮಕ್ಕಳಿಗೆ ಹುಡುಕಲು ಏನೂ ಉಳಿಯುವುದಿಲ್ಲ. ತುಂಡುಗಳು ಸರಿಯಾಗಿ ಕೂರದಿದ್ದರೂ ತಳ್ಳಿ ಒತ್ತಿ ಕೂರಿಸಿಬಿಡುತ್ತಾರೆ. ಅದರ ಬದಲು ಖಾಲಿ ಹಾಳೆಯ ಮೇಲೆ ಒಂದು ಚುಕ್ಕೆ ಇಡಿಸಿ. ಮೂರು ಮೂಲೆಗಳ ತುದಿಯೂ ಆ ಚುಕ್ಕೆಯನ್ನು ಮುಟ್ಟಬೇಕು, ನಡುವೆ ಸಂದು ಇರಬಾರದು, ಒಂದರ ಮೇಲೊಂದು ಬರಬಾರದು. ಇಷ್ಟೇ ಸೂಚನೆ ಸಾಕು. ಹೊರಗಿನ ಎರಡು ಅಂಚುಗಳು ನೇರವಾಗಿ ನಿಂತದ್ದನ್ನು ಯಾರಾದರೂ ಗಮನಿಸಿ ಹೇಳುವವರೆಗೆ ಸ್ಕೇಲು ಹೊರಗೆ ಬರಬಾರದು.

ತ್ರಿಭುಜ ದೊಡ್ಡದಿರಲಿ, ಬಾಹುಗಳು ಹೆಚ್ಚುಕಡಿಮೆ 15 ಸೆಂ.ಮೀ. ಸ್ಕೇಲು ಮತ್ತು ಚೂಪಾದ ಪೆನ್ಸಿಲ್‌ನಿಂದ ಬರೆಸಿ. ಎರಡು ಹಾಳೆಗಳನ್ನು ಒಟ್ಟಿಗೆ ಹಿಡಿದು ಕತ್ತರಿಯಿಂದ ಕತ್ತರಿಸಿದರೆ ಒಂದೇ ಅಳತೆಯ ಜೋಡಿ ಸಿಗುತ್ತದೆ. ಒಂದನ್ನು ಹರಿಯಲು ಬಳಸಿ, ಇನ್ನೊಂದನ್ನು ಹಾಗೇ ಇಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಎಲ್ಲರಿಗೂ ಒಂದೇ ಆಕಾರ ಕೊಡಬೇಡಿ. ತರಗತಿಯ ತುಂಬ ಸಮಬಾಹು ತ್ರಿಭುಜಗಳಿದ್ದರೆ, ಇದು ಆ ಒಂದು ಆಕಾರದ ಗುಣವೆಂದು ಮಕ್ಕಳು ತಿಳಿದರೆ ಅದು ಅವರ ತಪ್ಪಲ್ಲ. ಒಂದೆರಡಾದರೂ ವಿಶಾಲಕೋನ ತ್ರಿಭುಜಗಳು ಇರಲೇಬೇಕು.

ಆಕಾರ ಬಿಡಿಸಲು ಕತ್ತರಿ, ಮೂಲೆ ಬೇರ್ಪಡಿಸಲು ಮಾತ್ರ ಕೈ. ಇದಕ್ಕೆ ಕಾರಣವಿದೆ. ಮೂಲೆಯನ್ನೂ ಕತ್ತರಿಯಿಂದ ತೆಗೆದರೆ ತುಂಡಿಗೆ ಮೂರು ನೇರ ಅಂಚುಗಳು, ಮೂರು ಮೂಲೆಗಳು ಬರುತ್ತವೆ. ಯಾವುದು ತ್ರಿಭುಜದ ಮೂಲೆ, ಯಾವುದು ಕತ್ತರಿ ಮಾಡಿದ್ದು ಅನ್ನುವುದು ತಿಳಿಯದೆ ಮಗು ತಪ್ಪು ಮೂಲೆಯನ್ನು ಚುಕ್ಕೆಗೆ ತರುತ್ತದೆ. ಹರಿದ ಅಂಚು ಒರಟಾಗಿರುವುದರಿಂದ ಆ ಗೊಂದಲವೇ ಹುಟ್ಟುವುದಿಲ್ಲ. ಆದರೂ ಹರಿಯುವ ಮೊದಲು ಪ್ರತಿ ಕೋನಕ್ಕೂ ಸಣ್ಣ ಕಂಸ ಬರೆದು ಬೇರೆ ಬೇರೆ ಬಣ್ಣ ಹಚ್ಚಿಸಿ. ತುಂಡು ಮಗುಚಿ ಬಿದ್ದರೆ ಕೋನವೇನೂ ಬದಲಾಗುವುದಿಲ್ಲ, ಆದರೆ ಬಣ್ಣ ಕಾಣದಿದ್ದರೆ ಯಾವ ಮೂಲೆ ಎಂದು ಹೇಳುವುದು ಕಷ್ಟ.

ತುದಿಯಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ಹರಿಯಬೇಕು. ತೀರಾ ತುದಿಯ ಹತ್ತಿರ ಹರಿದರೆ ಜೋಡಿಸಲು ಅಂಚೇ ಇರುವುದಿಲ್ಲ; ಬೆರಳಿನಲ್ಲಿ ನುಗ್ಗಾದ ತುದಿ ಚುಕ್ಕೆಗೆ ಕೂರದೆ ತುಂಡು ಪಕ್ಕಕ್ಕೆ ಸರಿಯುತ್ತದೆ. ಜೋಡಿಸಿದ ಮೇಲೆ ಸಣ್ಣ ಸಂದು ಕಂಡರೆ ಗಾಬರಿ ಬೇಡ, ಅಳೆಯಿರಿ. ಚುಕ್ಕೆಯಿಂದ 5 ಸೆಂ.ಮೀ. ದೂರದಲ್ಲಿ 1 ಮಿ.ಮೀ. ಸಂದು ಎಂದರೆ ಸುಮಾರು 1 ಡಿಗ್ರಿ ವ್ಯತ್ಯಾಸ. ಅದು ಕತ್ತರಿ ಗೆರೆಯಿಂದ ಆಚೀಚೆ ಹೋದದ್ದರ ಫಲ. ಐದಾರು ಮಿ.ಮೀ. ಇದ್ದರೆ ಬಾಹುವೇ ಡೊಂಕಾಗಿದೆ, ಇಲ್ಲವೇ ಯಾವುದೋ ತುದಿ ಚುಕ್ಕೆಯ ಮೇಲಿಲ್ಲ.

ಎಲ್ಲರದ್ದೂ ನೇರ ನಿಂತ ಮೇಲೆ ಪಾಠ ಮುಗಿಯಿತು ಅನಿಸುತ್ತದೆ. ನನ್ನ ಪ್ರಕಾರ ಇಲ್ಲಿಂದಲೇ ಅದಕ್ಕೆ ರುಚಿ. ಮೂರು ಮೂಲೆ ಯಾವುವಾದರೂ ಹೀಗೆಯೇ ಕೂರುತ್ತವೆಯೇ ಎಂದು ಕೇಳಿ, ಪಕ್ಕದವರೊಂದಿಗೆ ಒಂದೊಂದು ಮೂಲೆ ಅದಲುಬದಲು ಮಾಡಿಸಿ. ಒಬ್ಬಳ ತ್ರಿಭುಜದ ಕೋನಗಳು 50, 60, 70 ಡಿಗ್ರಿ, ಇನ್ನೊಬ್ಬನದು 30, 40, 110 ಎಂದುಕೊಳ್ಳಿ. 70ರ ಮೂಲೆ ಕೊಟ್ಟು 110ರದ್ದು ಪಡೆದರೆ ಅವಳ ಒಟ್ಟು 220 ಆಗಿ, ಕೊನೆಯ ತುಂಡು ನೇರವನ್ನು ದಾಟಿ ಕೆಳಗೆ ಇಳಿಯುತ್ತದೆ. ಅವನ ಬಳಿ 140 ಮಾತ್ರ, ನೇರವಾಗಲು 40 ಡಿಗ್ರಿ ಸಾಲದು. ಅವಳಿಗೆ ಹೆಚ್ಚಾದದ್ದೂ ಅದೇ 40. ಕೋನಮಾಪಕ ಮುಟ್ಟದೆಯೇ, ಅವಳ ಹೆಚ್ಚುವರಿ ಅವನ ಕೊರತೆಗೆ ಸರಿಹೊಂದುತ್ತದೆಂದು ಮಕ್ಕಳು ಕಂಡುಕೊಳ್ಳುತ್ತಾರೆ. ನೇರವಾಗುವುದು ಒಂದೇ ತ್ರಿಭುಜದ ಮೂರು ಮೂಲೆಗಳ ಒಪ್ಪಂದ ಎನ್ನುವುದು ಆಗ ಕಣ್ಣಿಗೆ ಕಾಣುತ್ತದೆ.

ಕಾಗದ ಇಷ್ಟರವರೆಗೆ ಮಾತ್ರ ಬರುತ್ತದೆ. 180ಕ್ಕೂ 179ಕ್ಕೂ ಇರುವ ವ್ಯತ್ಯಾಸ ಹರಿದ ತುಂಡಿನಲ್ಲಿ ತಿಳಿಯದು. ಯಾರೂ ಹರಿಯದ ತ್ರಿಭುಜದ ಬಗ್ಗೆ ಅದು ಏನೂ ಹೇಳದು. ಎತ್ತಿಟ್ಟ ಜೋಡಿ ತ್ರಿಭುಜ ಈಗ ಹೊರಗೆ ಬರಲಿ. ಅದನ್ನು ಪಾದ ಕೆಳಗಿರುವಂತೆ ಇಟ್ಟು, ಹರಿದ ಎರಡು ಪಾದಕೋನಗಳನ್ನು ಅರ್ಧ ಸುತ್ತು ತಿರುಗಿಸಿ ಮೇಲಿನ ಶೃಂಗದ ಎಡಕ್ಕೂ ಬಲಕ್ಕೂ ಕೂರಿಸಿ. ಪಾದದ ಮೇಲಿದ್ದ ಅಂಚುಗಳು ಈಗ ಶೃಂಗದ ಮೂಲಕ ಹಾದು, ಪಾದಕ್ಕೆ ಸಮಾಂತರವಾಗಿ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಆ ಗೆರೆಯನ್ನು ಪೆನ್ಸಿಲ್‌ನಿಂದ ಎಳೆಸಿ, ತುಂಡುಗಳನ್ನು ತೆಗೆಸಿ, ಅವು ಇದ್ದ ಜಾಗದ ಕೋನಗಳು ಪಾದಕೋನಗಳಿಗೆ ಸಮ ಏಕೆ ಎಂದು ಕೇಳಿ. ಪರ್ಯಾಯ ಕೋನಗಳನ್ನು ಮೊದಲೇ ಕಲಿತ ತರಗತಿಯಾದರೆ ಉತ್ತರ ಅವರ ಬಾಯಿಂದಲೇ ಬರುತ್ತದೆ.