ತೂಕದ ಚೀಟಿ, ಪಟ್ಟಿ ಎರಡೂ ಕೈಲಿದೆ. ದುಡ್ಡು ಯಾಕೆ ಕಡಿಮೆ?

ಪ್ರಶ್ನೆ: ಎಪಿಎಂಸಿಯಲ್ಲಿ 40 ಚೀಲ ಮೆಕ್ಕೆಜೋಳ ಮಾರಿದೆ. ಒಟ್ಟು ತೂಕ 2,440 ಕೆಜಿ, ದರ ಕ್ವಿಂಟಲಿಗೆ 2,100. ಲೆಕ್ಕ ಹಾಕಿದರೆ 51,240 ಬರಬೇಕು. ಕೈಗೆ ಬಂದದ್ದು 44,072. ಉಳಿದದ್ದು ಎಲ್ಲಿ ಹೋಯ್ತು?

ಉತ್ತರ: ಮೊದಲು ತೂಕದ ಚೀಟಿ ತೆಗೆಯಿರಿ. 2,440 ಅನ್ನೋದು ಚೀಲ ಸಮೇತದ ತೂಕ. ದರ ಬೀಳುವುದು ಚೀಲ ಕಳೆದ ನಿವ್ವಳ ತೂಕಕ್ಕೆ. ನಿಮ್ಮ ಚೀಟಿಯಲ್ಲಿ ನಿವ್ವಳ 2,400 ಅಂತಿದೆ. ಅಂದರೆ ಚೀಲಕ್ಕೆ ಒಂದು ಕೆಜಿಯಂತೆ 40 ಕೆಜಿ ಕಳೆದಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ಖಾಲಿ ಚೀಲ ನಿಜಕ್ಕೂ ಎಷ್ಟು ತೂಗುತ್ತೆ? ಹತ್ತು ಚೀಲ ಒಟ್ಟಿಗೆ ಕಟ್ಟಿ ತಕ್ಕಡಿಗೆ ಹಾಕಿಸಿ. ಆರು ಕೆಜಿ ಬಂತು ಅಂದುಕೊಳ್ಳಿ. ಆಗ ಕಳೆಯಬೇಕಾದದ್ದು 24 ಕೆಜಿ, ನಿವ್ವಳ 2,416. ಹದಿನಾರು ಕೆಜಿ ಸುಮ್ನೆ ಹೋಯ್ತು, ಬೆಲೆ 336 ರೂಪಾಯಿ. ತೇವ, ಕಸ ಅಂತ ಹರಾಜಾದ ಮೇಲೆ ತೂಕ ಕಳೆಯುವುದೂ ಇದೇ ಜಾತಿ. ಕಾಳು ಹಸಿ ಇದ್ದರೆ ಅದನ್ನು ನೋಡಿಯೇ ದರ ಕೂಗಿರುತ್ತಾರೆ, ಅಲ್ವಾ? ಮತ್ತೆ ತೂಕದಲ್ಲೂ ಕಳೆದರೆ ಎರಡು ಸಲ ಕಳೆದ ಹಾಗೆ.

ಈಗ ದಲ್ಲಾಳಿ ಕೊಟ್ಟ ಲೆಕ್ಕದ ಪಟ್ಟಿ. 24 ಕ್ವಿಂಟಲಿಗೆ 50,400. ಅದರ ಕೆಳಗೆ ಮೂರು ಸಾಲು: ಹಮಾಲಿ 320, ದಲಾಲಿ 1,008, ಮುಂಗಡ 5,000. ಮೂರೂ ಕಳೆದರೆ ಸರಿಯಾಗಿ 44,072. ಕೂಡಿ ಕಳೆಯುವುದರಲ್ಲಿ ತಪ್ಪಿಲ್ಲ. ತಪ್ಪು ಒಂದು ಸಾಲಿನಲ್ಲಿದೆ.

ಹಮಾಲಿ ಗಾಡಿಯಿಂದ ಇಳಿಸಿದ ಕೂಲಿ, ಚೀಲಕ್ಕೆ 8 ರೂಪಾಯಿ. ಸಮಿತಿ ನಿಗದಿ ಮಾಡಿದ ದರಕ್ಕೆ ಹೊಂದುತ್ತಾ ನೋಡಿ. ಮುಂಗಡ ನೀವು ಮೊದಲೇ ಪಡೆದ ಸಾಲ. ಅದು ಮಾಲಿನ ಖರ್ಚಲ್ಲ, ಈ ಲೆಕ್ಕದಲ್ಲಿ ಅದನ್ನು ಬೇರೆಯಾಗಿಯೇ ಇಟ್ಟು ನೋಡಬೇಕು.

ದಲಾಲಿ 1,008 ಅಂದರೆ ನೂರಕ್ಕೆ ಎರಡು. ಕರ್ನಾಟಕದ ಎಪಿಎಂಸಿಗಳಲ್ಲಿ ದಲಾಲಿಯನ್ನು ಖರೀದಿದಾರರಿಂದ ಪಡೆಯಬೇಕು, ರೈತನ ಹಣದಲ್ಲಿ ಹಿಡಿಯುವಂತಿಲ್ಲ. ಮಾರುಕಟ್ಟೆ ಶುಲ್ಕವೂ ಖರೀದಿದಾರರದ್ದೇ. ‘ಎಲ್ಲರಿಗೂ ಹೀಗೇ ಹಿಡಿಯೋದು’ ಅಂತ ದಲ್ಲಾಳಿ ಹೇಳಬಹುದು. ಹಾಗಂತ ಅದು ಸರಿಯಾಗಲ್ಲ.

ಹಾಗಾದರೆ ಬರಬೇಕಾದದ್ದು ಎಷ್ಟು? ಹತ್ತು ಖಾಲಿ ಚೀಲ ಆರು ಕೆಜಿಯೇ ತೂಗಿದರೆ, 24.16 ಕ್ವಿಂಟಲಿಗೆ 50,736. ಹಮಾಲಿ, ಮುಂಗಡ ಕಳೆದರೆ 45,416. ನಿಮಗೆ ಬಂದದ್ದಕ್ಕಿಂತ 1,344 ಜಾಸ್ತಿ.

ಮುದ್ರಿತ ಪಟ್ಟಿಯಿದ್ದರೆ ಅದನ್ನೂ ತೂಕದ ಚೀಟಿಯನ್ನೂ ಸೇರಿಸಿ ಸಮಿತಿಯ ಕಾರ್ಯದರ್ಶಿಗೆ ಬರೆದು ಕೊಡಿ. ಹೆಸರು, ಲೈಸೆನ್ಸ್ ನಂಬರ್ ಏನೂ ಇಲ್ಲದ ಬಿಳಿ ಚೀಟಿ ಕೊಟ್ಟಿದ್ದರೆ ಕಷ್ಟ. ಯಾರು ಎಷ್ಟು ಹಿಡಿದರು ಅಂತ ಆ ಚೀಟಿ ಹೇಳುವುದಿಲ್ಲ. ಮುಂದಿನ ಸಲ ಚೀಲ ಇಳಿಸುವ ಮೊದಲೇ ಪಕ್ಕಾ ಪಟ್ಟಿ ಕೇಳಿ.